ಖಾಲಿಯಾದ ಕ್ಯಾಲೆಂಡರ್

ನಮ್ಮೂರು ಮಸೂತಿ. ಮನೆಯ ಮಾಳಿಗೆ ಹತ್ತಿದರೆ ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡುವುದನ್ನು ರೂಢಿಸಿಕೊಂಡೆ. 62ರ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಕ್ಕವರೂ ಇದ್ದರು. 2024ರ ಡಿಸೆಂಬರ್ 22ರಂದು ವಿಜಯಪುರದ ವೃಕ್ಷೊಥಾನ್ ಓಟದಲ್ಲಿ 21 ಕಿಲೋಮೀಟರ್ ಓಡಬೇಕೆಂಬುದು ನನ್ನ ಗುರಿ. ಆರು ತಿಂಗಳು ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ಎಷ್ಟು ಓಡಿದೆ ಎಂದು ಬರೆಯುತ್ತಾ ಬಂದೆ.

ಓಡಿದೆ. 2 ತಾಸು 41 ನಿಮಿಷ ಹಿಡಿಯಿತು. ಕೊರಳಿಗೆ ಪದಕ ಬಿತ್ತು, ಊರಿಗೆ ಬಂದೆ, ಎಲ್ಲರೂ ಮಾತಾಡಿಸಿದರು. ಕಷ್ಟ ಶುರುವಾದದ್ದು ಅಲ್ಲಿಂದ ಮುಂದೆ.

ಮರುದಿನ ಐದಕ್ಕೇ ಎಚ್ಚರವಾಯಿತು. ಮಾಡುವುದು ಏನೂ ಇರಲಿಲ್ಲ. ಕ್ಯಾಲೆಂಡರಿನಲ್ಲಿ 22ರ ಮುಂದಿನ ಮನೆಗಳೆಲ್ಲ ಖಾಲಿ. ಮಗಳ ಮದುವೆ ಮುಗಿದು ಹಂದರ ಬಿಚ್ಚಿದ ಮರುದಿನ ಮನೆ ಹೇಗಿರುತ್ತದೆ, ಅಜ್ಜ ಅಜ್ಜಿಯರಿಗೆ ಗೊತ್ತು. ನನಗೂ ಹಾಗೇ ಆಗಿತ್ತು. ಎಂಟು ದಿನಕ್ಕೆ ಎಳ್ಳಮವಾಸ್ಯೆ ಬಂತು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯೆ ಉಣ್ಣುತ್ತಿದ್ದರೆ ನಾನು ಬನ್ನಿ ಗಿಡದ ಬುಡದಲ್ಲಿ ಸುಮ್ಮನೆ ಕುಳಿತಿದ್ದೆ. ಏಳನೆಯ ಇಯತ್ತೆಯ ಮೊಮ್ಮಗಳು ಹತ್ತಿರ ಬಂದು, “ಮುತ್ಯಾ, ಓಟ ಗೆದ್ದು ಬಂದೀ, ಮತ್ತ ಸೋತವರಂಗ ಯಾಕ ಕುಂತೀ?” ಅಂದಳು. ಉತ್ತರ ನನಗೂ ತಿಳಿದಿರಲಿಲ್ಲ.

ಅಷ್ಟರಲ್ಲೇ ನಾನೊಂದು ಪೆದ್ದತನಕ್ಕೆ ಕೈ ಹಾಕಿದ್ದೆ. ಓಟ ಮುಗಿದ ಮೂರನೆಯ ದಿನ, ತೊಡೆ ಇನ್ನೂ ನೋಯುತ್ತಿರುವಾಗಲೇ, ಫೆಬ್ರವರಿ 16ರ ಒಂದು 42 ಕಿಲೋಮೀಟರ್ ಓಟದ ಅರ್ಜಿಯನ್ನು ಫೋನಿನಲ್ಲಿ ಅರ್ಧ ತುಂಬಿಟ್ಟಿದ್ದೆ. ಖಾಲಿ ಮನೆಗಳನ್ನು ಹೇಗಾದರೂ ತುಂಬಬೇಕು, ಅಷ್ಟೇ.

ಅದನ್ನು ನೋಡಿದ ನನ್ನ ಹಳೆಯ ಗೆಳೆಯ, ಪಿ.ಟಿ. ಮಾಸ್ತರ, ಬೈಯಲಿಲ್ಲ. ಲೆಕ್ಕ ಹಾಕು ಅಂದ. ಮೊಮ್ಮಗಳೇ ಪಾಟಿ ತಂದಳು. ಡಿಸೆಂಬರ್ 22ರಿಂದ ಫೆಬ್ರವರಿ 16ಕ್ಕೆ ಎಂಟು ವಾರ. ಸುಧಾರಿಸಿಕೊಳ್ಳಲು ಮೊದಲಿನ ಎರಡು ವಾರ ಕಳೆ. ಓಟದ ಮುಂಚೆ ಮೈ ಹಗುರ ಮಾಡಿಕೊಳ್ಳಲು ಕೊನೆಯ ಎರಡು ವಾರ ಕಳೆ. ಉಳಿದದ್ದು ನಾಲ್ಕು. ನಾನು ತಾಲೀಮಿನಲ್ಲಿ ಓಡಿದ ಅತಿ ಉದ್ದದ ಓಟ 14 ಕಿಲೋಮೀಟರ್. 42ಕ್ಕೆ ಇಳಿಯುವವನು ಅದನ್ನು 30ರ ಹತ್ತಿರ ಒಯ್ಯಬೇಕು. ಅಂದರೆ ವಾರಕ್ಕೆ ನಾಲ್ಕು ಕಿಲೋಮೀಟರ್ ಏರಿಕೆ. ವಾರಕ್ಕೆ ಒಂದೋ ಎರಡೋ ಏರಿಸಿ, ನಾಲ್ಕನೆಯ ವಾರ ಇಳಿಸುವುದು ರೂಢಿ. “ಮುತ್ಯಾ, ಲೆಕ್ಕ ಕೂಡಂಗಿಲ್ಲ,” ಎಂದು ಅವಳೇ ಪಾಟಿ ಒರೆಸಿದಳು.

ಸುಧಾರಿಸಿಕೊಳ್ಳಲು ಎರಡು ವಾರ ಯಾಕೆ? ನ್ಯೂಜಿಲೆಂಡಿನ ಜಾಕ್ ಫಾಸ್ಟರ್ ಎಂಬ ಓಟಗಾರ 1974ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನಿನಲ್ಲಿ ಬೆಳ್ಳಿ ಪಡೆದಾಗ ಅವನಿಗೆ 41 ವರ್ಷ. ಓಡಿದ ಪ್ರತಿ ಮೈಲಿಗೆ ಒಂದು ಹಗುರ ದಿನ ಎಂಬ ಲೆಕ್ಕ ಅವನ ಹೆಸರಿನಲ್ಲೇ ಓಡಾಡುತ್ತದೆ. 21 ಕಿಲೋಮೀಟರ್ ಅಂದರೆ 13 ಮೈಲಿ, 13 ದಿನ. ಇದು ಅನುಭವದ ಲೆಕ್ಕ, ಕಟ್ಟಳೆಯಲ್ಲ. ಅದಕ್ಕೇ ಗೆಳೆಯ ಇನ್ನೊಂದು ಪರೀಕ್ಷೆ ಹೇಳಿದ: ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ಒಂದು ನಿಮಿಷ ನಾಡಿ ಎಣಿಸು. ನನಗೆ ಸಾಮಾನ್ಯವಾಗಿ 64. ಓಟದ ಮರುದಿನ 74 ಇತ್ತು, ಎಳ್ಳಮವಾಸ್ಯೆಗೆ 70. ತೊಡೆಯ ನೋವು ಆಗಲೇ ಹೋಗಿತ್ತು, ಆದರೆ ಮೈ ಒಳಗೆ ಇನ್ನೂ ದುರಸ್ತಿ ನಡೆದಿತ್ತು. ಜನವರಿ 5ಕ್ಕೆ 65ಕ್ಕೆ ಇಳಿಯಿತು. ಬೇಸರವೂ ಹೆಚ್ಚುಕಡಿಮೆ ಅದರ ಜೊತೆಗೇ ಇಳಿಯುತ್ತಾ ಬಂತೆಂಬುದು ನನಗೆ ಸೋಜಿಗ. (ಎರಡು ವಾರ ಕಳೆದರೂ ಊಟ ನಿದ್ದೆ ಸೇರದಿದ್ದರೆ ಡಾಕ್ಟರ ಬಳಿ ಹೋಗಬೇಕು, ಅದು ಬೇರೆ ಮಾತು.)

ಆಮೇಲೆ ಹಳೆಯ ಓಟವನ್ನು ನೋಡಿದೆವು. ಮೊದಲ 10 ಕಿಲೋಮೀಟರಿಗೆ 70 ನಿಮಿಷ, ಉಳಿದ 11ಕ್ಕೆ 91. ಹುಮ್ಮಸ್ಸಿನಲ್ಲಿ ಮೊದಲು ಜೋರಾಗಿ ಓಡಿದ್ದೆ. ಮೇಲಾಗಿ 14ಕ್ಕಿಂತ ಹೆಚ್ಚು ದೂರ ಕಾಲಿಗೆ ಗೊತ್ತೇ ಇರಲಿಲ್ಲ. ಅಂದಮೇಲೆ ನನಗೆ ಬೇಕಾದದ್ದು ಇನ್ನೂ ದೊಡ್ಡ ಓಟವಲ್ಲ, ಇದೇ 21ನ್ನು ಮುಂದಿನ ಚಳಿಗಾಲದಲ್ಲಿ ನೆಟ್ಟಗೆ ಓಡುವುದು. ಅದಕ್ಕೆ ಉದ್ದದ ಓಟ 18ಕ್ಕೆ ಏರಬೇಕು. ಅದನ್ನು ಮಳೆಗಾಲ ಹಿಡಿದ ಮೇಲೆ ಏರಿಸಬೇಕು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ದೂರ ಹೆಚ್ಚಿಸಲು ಹೋದವನು ಹಾಸಿಗೆ ಹಿಡಿಯುತ್ತಾನೆ.

ಹಾಗಾದರೆ ಅಲ್ಲಿಯವರೆಗೆ? ಡಿಸೆಂಬರ್ ಬಹಳ ದೂರ, ಅಷ್ಟು ದೂರದ ಗುರಿಗಾಗಿ ಬೆಳಿಗ್ಗೆ ಐದಕ್ಕೆ ಕಾಲು ಏಳುವುದಿಲ್ಲ. ಮೊಮ್ಮಗಳೇ ದಾರಿ ಹೇಳಿದಳು. “ಯುಗಾದಿಯೊಳಗ ನಾನು ನಿಂದಿರದ ಐದು ಕಿಲೋಮೀಟರ್ ಓಡಬೇಕು, ಕಲಸ್ತೀಯೇನು?” ಅವಳು ಆಗ ಒಂದು ಕಿಲೋಮೀಟರಿಗೇ ಏದುಸಿರು ಬಿಡುತ್ತಿದ್ದಳು.

ಜನವರಿ 6ಕ್ಕೆ ಶುರು ಮಾಡಿದೆವು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ, ವಾರಕ್ಕೆ ಮೂರು ದಿನ. ಅವಳ ಜೊತೆ ಮಾತಾಡುತ್ತಾ ಹೋಗಬೇಕಾದ್ದರಿಂದ ಜೋರಾಗಿ ಓಡುವ ನನ್ನ ಚಟಕ್ಕೂ ಲಗಾಮು ಬಿತ್ತು. ಹೊಸ ಕ್ಯಾಲೆಂಡರಿನಲ್ಲಿ ಈಗ ಅವಳೇ ಬರೆಯುತ್ತಾಳೆ, ನನ್ನ ನಾಡಿಯನ್ನೂ ಸೇರಿಸಿ. ಮೊದಲ ದಿನದ ಮನೆಯಲ್ಲಿ ಹೀಗಿದೆ: “ಮುತ್ಯಾ 64. ನಾನು ಎರಡು ಸಲ ಕುಂತೆ. ಅಂವ ಒಂದ ಸಲ.”