ಮೇಲಿನ ಕಾರ್ಡ್ ಯಾಕೆ ಬಿಸಿಯಾಯಿತು?

ಕಳೆದ ಆಗಮನ ಕಾಲದಲ್ಲಿ ಕ್ರಿಸ್ಮಸ್ ನಾಟಕದ ಆ್ಯನಿಮೇಷನ್ ರೆಂಡರ್ ಮಾಡುತ್ತಿದ್ದೆವು. ಇಕ್ಕಟ್ಟಾದ ಕೇಸಿನಲ್ಲಿ ಎರಡು ಹಳೆಯ ಜಿಟಿಎಕ್ಸ್ 1080 ಕಾರ್ಡುಗಳು, ಒಂದರ ಕೆಳಗೊಂದು, ನಡುವೆ ಬೆರಳಗಲ ಜಾಗ. `nvidia-smi` ನೋಡಿದರೆ ಕೆಳಗಿನದು 70 ಡಿಗ್ರಿ, ಮೇಲಿನದು 83. ಮೇಲಿನದರ ವೇಗವೂ ಇಳಿದಿತ್ತು. ನಾಟಕಕ್ಕೆ ನಾಲ್ಕೇ ದಿನ!

ಪೇಸ್ಟ್ ಒಣಗಿರಬೇಕೆಂದು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕಾರ್ಡುಗಳನ್ನು ಅದಲುಬದಲು ಮಾಡಿದೆ. ಈಗ ಮೇಲೆ ಬಂದದ್ದು ಬಿಸಿಯಾಯಿತು. ಅಂದರೆ ದೋಷ ಕಾರ್ಡಿನದ್ದಲ್ಲ, ಜಾಗದ್ದು.

ನಮ್ಮವು ಓಪನ್ ಏರ್ ಕಾರ್ಡುಗಳು. ಅವುಗಳ ಫ್ಯಾನುಗಳು ಬಿಸಿಗಾಳಿಯನ್ನು ಕೇಸಿನೊಳಗೇ ಚೆಲ್ಲುತ್ತವೆ. ಕೆಳಗಿನದು ಬಿಟ್ಟ ಬಿಸಿಯನ್ನೇ ಮೇಲಿನದು ಎಳೆದುಕೊಳ್ಳುತ್ತಿತ್ತು. ಬ್ಲೋವರ್ ಕಾರ್ಡಿನಲ್ಲಿ ಒಂದೇ ಫ್ಯಾನ್. ಅದು ಮುಚ್ಚಿದ ಕವಚದ ಮೂಲಕ ಗಾಳಿಯನ್ನು ನೂಕಿ, ಹೆಚ್ಚಿನ ಬಿಸಿಯನ್ನು ಹಿಂಬದಿಯ ಕಿಂಡಿಯಿಂದ ಹೊರಹಾಕುತ್ತದೆ.

ಗೆಳೆಯನೊಬ್ಬನ ಎರಡು ಬ್ಲೋವರ್ 1080 ಎರವಲು ತಂದು ಹಾಕಿ, ಫ್ಯಾನ್ ಜೋರು ಮಾಡಿದೆವು. ಎರಡೂ 80ರ ಆಸುಪಾಸಿನಲ್ಲಿ ನಿಂತವು, ವೇಗ ಇಳಿಯಲಿಲ್ಲ. ಆದರೆ ಸದ್ದು ಹೇರ್ ಡ್ರೈಯರಿನಂತೆ! ಗಾಯನವೃಂದದವರು ಬಾಗಿಲು ಹಾಕಿಕೊಂಡೇ ಅಭ್ಯಾಸ ಮಾಡಿದರು.

ಕೇಸಿಗೆ ಗಾಳಿ ಸರಿಯಾಗಿ ಬಂದುಹೋಗುವಂತಿದ್ದು ಕಾರ್ಡ್ ಒಂದೇ ಆದರೆ, ಓಪನ್ ಏರೇ ತಂಪು, ಸದ್ದೂ ಕಡಿಮೆ. ನಾಟಕ ಮುಗಿದ ಮೇಲೆ ನಾವೂ ಹಳೆಯದರಲ್ಲಿ ಒಂದನ್ನಷ್ಟೇ ಮತ್ತೆ ಹಾಕಿದ್ದೇವೆ.