ಬೇಯಿಸದೆ ಉಳಿಸಿದ ಅಕ್ಕಿ

ನನ್ನ ತಂಗಿಯ ಮಗ ಪುಣೆಯಲ್ಲಿ ಸ್ಟಾರ್ಟಪ್ ಶುರು ಮಾಡಲು ಹೊರಟಿದ್ದಾನೆ. ಅವನು ಕಳಿಸಿದ ಒಂದು ಸಾಲಿನ ಪಿಚ್ ಹೀಗಿತ್ತು: ‘ಮದುವೆ ಹಾಲ್‌ನಲ್ಲಿ ಉಳಿದ ಊಟವನ್ನು ಹಸಿದವರಿಗೆ ಮುಟ್ಟಿಸುತ್ತೇವೆ.’ ಓದಲು ಚೆಂದ. ಆದರೆ ಮುಂಬೈಯ ಒಬ್ಬ ಕೇಟರರ್ ಬಳಿ ಹದಿನಾರು ವರ್ಷ ಲೆಕ್ಕ ಬರೆದ ನನಗೆ, ಆ ಸಾಲಿನಲ್ಲಿ ದುಡ್ಡು ಕೊಡುವವರು ಯಾರೂ ಕಾಣಲಿಲ್ಲ. ಇನ್ನೊಂದು ತೊಡಕು ಹೊತ್ತಿನದು. ಟೆಂಪೊ ಬರುವಾಗ ರಾತ್ರಿ ಹನ್ನೊಂದಾಗಿರುತ್ತದೆ. ಅನ್ನ ಒಲೆಯಿಂದ ಇಳಿದು ಮೂರು ಗಂಟೆಯಾಗಿರುತ್ತದೆ. 60 ಡಿಗ್ರಿಗಿಂತ ಕೆಳಗೆ ತಣಿದು ಅಷ್ಟು ಹೊತ್ತು ಕೂತ ಅನ್ನವನ್ನು ಮಕ್ಕಳ ತಟ್ಟೆಗೆ ಹಾಕಲು ಯಾರಿಗೂ ಧೈರ್ಯ ಬರಬಾರದು.

“ಹಾಗಾದರೆ ಸಮಸ್ಯೆ ಯಾವುದು ಮಾವ?” ಎಂದು ಫೋನಿನಲ್ಲಿ ಕೇಳಿದ. ಒಂದು ರಿಸೆಪ್ಶನ್ ಲೆಕ್ಕ ಹಾಕೋಣ ಅಂದೆ.

ಹುಡುಗಿಯ ತಂದೆ ವಾರದ ಮೊದಲೇ 600 ಊಟದ ಗ್ಯಾರಂಟಿ ಕೊಡುತ್ತಾರೆ. ಬಂದವರು 470. ಆದರೂ 600ಕ್ಕೂ ಹಣ ಕಟ್ಟಬೇಕು. ಊಟಕ್ಕೆ 500 ರೂಪಾಯಿಯಾದರೆ, ಬಾರದ 130 ಮಂದಿಗೆ 65,000 ರೂಪಾಯಿ. ಕೇಟರರ್‌ಗೆ ಪೂರ್ತಿ ಹಣ ಬರುವುದರಿಂದ ಕಡಿಮೆ ಬೇಯಿಸುವ ಗರಜು ಅವರಿಗಿಲ್ಲ. ಊಟ ಸಾಲದೆ ಹೋದರೆ ಮಾತ್ರ ಹೆಸರು ಕೆಡುತ್ತದೆ. ಅಂದರೆ ಎಣಿಕೆ ಒಬ್ಬರದು, ಒಲೆ ಇನ್ನೊಬ್ಬರದು. ನಿಜವಾಗಿ ಎಷ್ಟು ಜನ ಬಂದರೆಂಬ ಸುದ್ದಿ ಅಡುಗೆಮನೆಗೆ ತಲುಪುವುದು ಎಲ್ಲ ಬೆಂದ ಮೇಲೆ. ಸಮಸ್ಯೆ ಇದು.

ಈಗ ಮೊದಲು 400 ಜನರಿಗೆ ಮಾತ್ರ ಬೇಯಿಸಿ, 200 ಜನರ ದಿನಸಿಯನ್ನು ಹಸಿಯಾಗಿಯೇ ಇಟ್ಟುಕೊಳ್ಳೋಣ. ಬಾಗಿಲಲ್ಲಿ ಒಬ್ಬ ಹುಡುಗ ತಲೆ ಎಣಿಸುತ್ತಾನೆ. ಎಂಟೂಮುಕ್ಕಾಲಿಗೆ ಬಂದ ಲೆಕ್ಕ ನೋಡಿ, ಇನ್ನು 100 ಜನರಿಗೆ ಸಾಕೆಂದು ಅಡುಗೆ ಭಟ್ಟರು ಒಲೆ ಹಚ್ಚುತ್ತಾರೆ. ಅನ್ನ, ಪೂರಿ ಅರ್ಧ ಗಂಟೆಯಲ್ಲಿ ಸಿದ್ಧ. ಉಳಿಯುವುದು 130ರ ಬದಲು 30 ಊಟ. ಮಿಕ್ಕ 100 ಜನರ ಅಕ್ಕಿ, ಹಿಟ್ಟು, ಎಣ್ಣೆ ಮರುದಿನದ ಮದುವೆಗೆ ಹೋಗುತ್ತದೆ.

ಎಲ್ಲವನ್ನೂ ಹೀಗೆ ತಡೆಯಲಾಗದು. ಹಿಂದಿನ ದಿನವೇ ಕಟ್ಟಿದ ಲಾಡು, ಬೆಳಿಗ್ಗೆ ಹೆಚ್ಚಿದ ತರಕಾರಿ ಲೆಕ್ಕಕ್ಕೆ ಸಿಗುವುದಿಲ್ಲ. ಎಲೆಯಲ್ಲಿ ಬಿಟ್ಟದ್ದಂತೂ ಯಾರ ಕೈಗೂ ಸಿಗದು. ಅದಕ್ಕೇ ಅವನಿಗೆ ಹೇಳಿದೆ: “ಮೊದಲು ಹತ್ತು ಮದುವೆಯಲ್ಲಿ ಪಾತ್ರೆಯಲ್ಲಿ ಉಳಿದದ್ದನ್ನೂ ಎಲೆಯಲ್ಲಿ ಉಳಿದದ್ದನ್ನೂ ಬೇರೆ ಬೇರೆ ತೂಗು. ಎಲೆಯದೇ ಹೆಚ್ಚಾದರೆ ಈ ಪಿಚ್ ಬಿಟ್ಟುಬಿಡು.”

ಈಗ ಅವನ ಸಾಲು ಹೀಗಿದೆ: ‘ಮದುವೆಗೆ ಬಂದವರ ಲೆಕ್ಕವನ್ನು ಅಡುಗೆ ಮುಗಿಯುವ ಮೊದಲೇ ಭಟ್ಟರಿಗೆ ಮುಟ್ಟಿಸುತ್ತೇವೆ, ಬೇಯಿಸದೆ ಉಳಿದ ದಿನಸಿಯ ಹಣವನ್ನು ಮದುವೆ ಮನೆಯವರು, ಕೇಟರರ್, ನಾವು ಹಂಚಿಕೊಳ್ಳುತ್ತೇವೆ.’ ತೂಕದ ಯಂತ್ರ ಕೊಂಡಿದ್ದಾನೆ. ಹತ್ತರಲ್ಲಿ ಮೂರು ಮದುವೆ ಆಗಿವೆ.