ಕೊಬ್ಬರಿ ಎಣ್ಣೆಯ ತೀರ್ಪು

ಕೋರ್ಟಿನ ತೀರ್ಪು ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಅವರ ಕೈಗೆ ಕೊಡುವುದು ಕೊಬ್ಬರಿ ಎಣ್ಣೆಯ ಮೊಕದ್ದಮೆಯನ್ನೇ. ಸೇಲಂನ ಸೆಂಟ್ರಲ್ ಎಕ್ಸೈಸ್ ಆಯುಕ್ತರಿಗೂ ಮದನ್ ಆಗ್ರೋ ಇಂಡಸ್ಟ್ರೀಸ್ ಎಂಬ ಕಂಪನಿಗೂ ನಡೆದ ವ್ಯಾಜ್ಯ ಅದು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2024ರ ಡಿಸೆಂಬರ್ 18ರಂದು ಅದನ್ನು ತೀರ್ಮಾನಿಸಿತು. ಕೊಲೆಯಿಲ್ಲ, ಆಸ್ತಿ ಜಗಳವಿಲ್ಲ. ಸಣ್ಣ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದ್ದೋ ತಲೆಗೆ ಹಚ್ಚುವುದೋ ಎಂಬುದಷ್ಟೇ ಅಲ್ಲಿರುವ ಪ್ರಶ್ನೆ.

ನಮ್ಮ ಅಮ್ಮಸಂದ್ರದಲ್ಲಿ ಇದನ್ನು ಯಾರಿಗೆ ಹೇಳಿದರೂ ಥಟ್ಟನೆ ಉತ್ತರ ಬರುತ್ತದೆ: ತಲೆಗೆ. ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಕಳಿಸುವ ಊರುಗಳು ನಮ್ಮವು. ಒಡೆದ ಹೋಳುಗಳು ಗಾಣಕ್ಕೆ ಹೋಗುತ್ತವೆ. ಬಂದ ಎಣ್ಣೆ ಬಚ್ಚಲುಮನೆಯ ಗೂಡಿನಲ್ಲಿರುತ್ತದೆ, ಒಗ್ಗರಣೆಗೆ ಮಾತ್ರ ಕಡಲೆಕಾಯಿ ಎಣ್ಣೆ. ಘಟ್ಟ ಇಳಿದು ಮಂಗಳೂರಿಗೆ ಹೋದರೆ ಅದೇ ಕೊಬ್ಬರಿ ಎಣ್ಣೆ ಬಾಣಲೆಯಲ್ಲಿರುತ್ತದೆ. ಹೀಗೆ ಓದುವವನ ಮನಸ್ಸಿನಲ್ಲಿ ಮೊದಲೇ ಒಂದು ಉತ್ತರ ಕೂತಿರುವುದರಿಂದಲೇ ಈ ತೀರ್ಪು ಓದು ಕಲಿಯಲು ಚೆನ್ನಾಗಿ ಒದಗುತ್ತದೆ ಎಂಬುದು ನನ್ನ ಅನುಭವ. ನಮ್ಮ ಉತ್ತರ ಎಲ್ಲಿ ಮುಗಿಯುತ್ತದೆ, ಕೋರ್ಟಿನ ಕಾರಣ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ತುರುವೇಕೆರೆಯಲ್ಲಿ ಸಣ್ಣದೊಂದು ಗಾಣ ಇಟ್ಟುಕೊಂಡಿರುವ ನನ್ನ ತಂಗಿಯ ಮಗನ ಜೊತೆ ಕೂತು ಇದನ್ನು ಓದಿದೆ. ಅವನು ಎಲ್ಲರ ಹಾಗೆ ಕೊನೆಯ ಪುಟ ತೆಗೆದ. ಅಲ್ಲಿ ಮೇಲ್ಮನವಿಗಳು ವಜಾ ಎಂದಿತ್ತು. “ಅಂದ್ರೆ ಯಾರು ಗೆದ್ದಿದ್ದು ಮಾವ?” ಎಂದ. ಆ ಪುಟ ನೋಡಿದರೆ ಗೊತ್ತಾಗುವುದಿಲ್ಲ. ಆದೇಶ ತಿಳಿಯಬೇಕಾದರೆ ಮೊದಲ ಪುಟಕ್ಕೇ ಬರಬೇಕು: ಮೇಲ್ಮನವಿ ಹಾಕಿದವರು ಯಾರು, ಕೆಳಗೆ ಏನಾಗಿತ್ತು? ಇಲ್ಲಿ ಮೇಲ್ಮನವಿ ಇಲಾಖೆಯದು. ಅದಕ್ಕೂ ಮೊದಲು ಸುಂಕ ನ್ಯಾಯಮಂಡಳಿ ಕಂಪನಿಯ ಪರ ಹೇಳಿತ್ತು. ಹಾಗಾಗಿ ವಜಾ ಎಂದರೆ ನ್ಯಾಯಮಂಡಳಿಯ ಮಾತು ಉಳಿಯಿತು, ಇಲಾಖೆ ಸೋತಿತು. ಇಷ್ಟು ಹೊಂದಿಸಿಕೊಂಡ ಮೇಲೆಯೇ ಸಂಗತಿಗಳನ್ನು ಓದಲು ರುಚಿ ಹುಟ್ಟುವುದು.

ನಾನು ಮುದ್ರಿಸಿದ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋಗುತ್ತೇನೆ. ಪ್ಯಾರಾಗಳಿಗೆ ಸಂಖ್ಯೆ ಇರುವುದರಿಂದ ಹಿಂದೆ ಮುಂದೆ ಹೋಗುವುದು ಸುಲಭ. ಸಂಗತಿ ಇದ್ದಲ್ಲಿ ‘ಸಂ’. ಕಂಪನಿ ಶುದ್ಧ ಕೊಬ್ಬರಿ ಎಣ್ಣೆಯನ್ನು ಸಣ್ಣ ಸಣ್ಣ ಪ್ಯಾಕುಗಳಲ್ಲಿ ತುಂಬುತ್ತಿತ್ತು ಎಂಬುದು ಸಂಗತಿ. ಪ್ರಶ್ನೆಗೆ ‘ಪ್ರ’. ಪ್ರಶ್ನೆಯನ್ನು ಸ್ವಂತ ಮಾತಿನಲ್ಲಿ ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು: 1985ರ ಸೆಂಟ್ರಲ್ ಎಕ್ಸೈಸ್ ಸುಂಕಪಟ್ಟಿಯಲ್ಲಿ ಈ ಸಣ್ಣ ಪ್ಯಾಕು ಕೊಬ್ಬರಿ ಎಣ್ಣೆ ಎಂಬ 1513ನೇ ಶೀರ್ಷಿಕೆಗೆ ಸೇರುತ್ತದೋ, ಕೂದಲ ಆರೈಕೆಯ ಪದಾರ್ಥಗಳ 3305ಕ್ಕೋ? ಸುಂಕಪಟ್ಟಿ ಎಂಬ ಮಾತು ಬಿಟ್ಟು ಬರೆದುಕೊಂಡರೆ, ಜನ ಯಾವುದಕ್ಕೆ ಬಳಸುತ್ತಾರೆ ಎಂಬ ಬೇರೆಯೇ ಪ್ರಶ್ನೆಯನ್ನು ಹಿಡಿದುಕೊಂಡು ಕೊನೆಯವರೆಗೂ ಅಲೆಯುತ್ತೇವೆ.

ಹೊಸ ಓದುಗರು ತಪ್ಪುವುದು ಅದರ ಮುಂದಿನ ಪುಟಗಳಲ್ಲಿ. ಇಲಾಖೆಯ ವಕೀಲರ ವಾದ ಪ್ಯಾರಾಗಟ್ಟಲೆ ಬರುತ್ತದೆ, ಕೋರ್ಟಿನದೇ ಮಾತೇನೋ ಎನ್ನುವಷ್ಟು ಗಟ್ಟಿಯಾಗಿರುತ್ತದೆ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆಯನ್ನು ಸಾಮಾನ್ಯ ಜನ ಕೇಶತೈಲವೆಂದೇ ಕೊಳ್ಳುತ್ತಾರೆ ಎಂಬ ವಾದ ಬಂದಾಗ ಅಳಿಯ ತಲೆದೂಗಿ, “ಸರಿಯಾಗೇ ಹೇಳಿದಾರಲ್ಲ” ಎಂದ. ಹೇಳಿದ್ದು ಕೋರ್ಟಲ್ಲ, ವಕೀಲರು. ಅಂಥ ಕಡೆ ‘ವಾ’ ಎಂದು ಬರೆದು ಮುಂದೆ ಸಾಗಬೇಕು. ಅಟ್ಟದ ಕಾಯಿ ಅಲುಗಿಸಿದಾಗ ಗಡಗಡ ಎಂದರೆ ಕೊಬ್ಬರಿ ಬಿಟ್ಟಿದೆ ಎಂದು ಗೊತ್ತಾಗುವ ಹಾಗೆ, ‘ಎಂದು ವಾದಿಸಲಾಯಿತು’ ಎಂಬಲ್ಲಿಂದ ‘ನಮ್ಮ ಅಭಿಪ್ರಾಯದಲ್ಲಿ’ ಎಂಬಲ್ಲಿಗೆ ಧ್ವನಿ ಬದಲಾದದ್ದು ಸ್ವಲ್ಪ ಅಭ್ಯಾಸವಾದರೆ ಕಿವಿಗೇ ಬೀಳುತ್ತದೆ. ‘ಕಾ’ ಎಂಬ ಗುರುತು, ಅಂದರೆ ಕಾರಣ, ಅಲ್ಲಿಂದ ಮುಂದೆ ಮಾತ್ರ.

ಆ ಕಾರಣವನ್ನು ನಾನು ನಿಧಾನವಾಗಿ, ಸವಿದು ಓದುತ್ತೇನೆ. ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆಗೆಂದೇ ಒಂದು ಶೀರ್ಷಿಕೆ ಇದೆ. ಅದನ್ನು ಬಿಟ್ಟು 33ನೇ ಅಧ್ಯಾಯಕ್ಕೆ ಹೋಗಬೇಕಾದರೆ ಆ ಅಧ್ಯಾಯದ 3ನೇ ಟಿಪ್ಪಣಿಯ ಷರತ್ತುಗಳು ಪೂರೈಸಬೇಕು. ಪದಾರ್ಥ ಪ್ರಸಾಧನದ ಬಳಕೆಗೆ ತಕ್ಕುದಾಗಿದ್ದರೆ ಸಾಲದು, ಆ ಬಳಕೆಗೆಂದೇ ಚಿಲ್ಲರೆ ಮಾರುವ ಬಗೆಯ ಪ್ಯಾಕಿನಲ್ಲೂ ಇರಬೇಕು. ಅದನ್ನು ಗುರುತಿಸುವ ಬಗೆ ಅಂತರರಾಷ್ಟ್ರೀಯ ಎಚ್‌ಎಸ್‌ಎನ್ ವಿವರಣೆಯಲ್ಲಿದೆ: ಲೇಬಲ್ಲೋ ಜೊತೆಗಿನ ಬರಹವೋ ಪ್ರಸಾಧನಕ್ಕೆಂದು ಹೇಳುತ್ತಿರಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ್ದು ಎಂದು ಸ್ಪಷ್ಟವಾಗುವ ರೂಪದಲ್ಲಿ ಇರಬೇಕು. ಬಾಟಲಿ ಚಿಕ್ಕದು ಎಂಬುದು ಇದ್ಯಾವುದೂ ಅಲ್ಲ. ಅಡುಗೆ ಎಣ್ಣೆಯನ್ನೂ ಜನ ಸಣ್ಣ ಪ್ಯಾಕಿನಲ್ಲಿ ಕೊಳ್ಳುತ್ತಾರಲ್ಲ ಎಂದು ಕೋರ್ಟು ಕೇಳುತ್ತದೆ. ಜನ ಏನೆಂದು ಕರೆಯುತ್ತಾರೆ ಎಂಬ ಒರೆಗಲ್ಲನ್ನು, ಪಟ್ಟಿಯೇ ಸ್ಪಷ್ಟವಾಗಿ ಹೇಳುವಲ್ಲಿ ತರಬೇಕಿಲ್ಲ ಎನ್ನುತ್ತದೆ. ನಮ್ಮೂರಿನ ಬಚ್ಚಲುಮನೆಯ ಗೂಡು ಮೊಕದ್ದಮೆಯಿಂದ ಹೊರಗೆ ಬೀಳುವುದು ಈ ವಾಕ್ಯದಲ್ಲಿ.

ಕಾರಣ ಬೇರೆ, ಸಂಗತಿ ಬೇರೆ ಎಂಬುದಕ್ಕೆ ಇನ್ನೂ ಒಳ್ಳೆಯ ಪಾಠ ಇದೇ ಮೊಕದ್ದಮೆಯ ಹಳೆಯ ಕಡತದಲ್ಲಿದೆ. 2018ರಲ್ಲಿ ಇದನ್ನು ಕೇಳಿದ್ದು ಇಬ್ಬರು ನ್ಯಾಯಮೂರ್ತಿಗಳು. ಅದೇ ಬಾಟಲಿ, ಅದೇ ಪ್ರಶ್ನೆ. ರಂಜನ್ ಗೊಗೋಯ್ ಅವರು ಖಾದ್ಯ ತೈಲ ಎಂದರು, ಆರ್. ಭಾನುಮತಿ ಅವರು ಕೇಶತೈಲ ಎಂದರು. ಒಬ್ಬೊಬ್ಬರು ಒಂದೊಂದು ಹೇಳಿದ್ದರಿಂದ ವಿಷಯ ಮೂವರ ಪೀಠಕ್ಕೆ ಹೋಯಿತು. ಎರಡೂ ಅಭಿಪ್ರಾಯಗಳನ್ನು ಅಕ್ಕಪಕ್ಕ ಇಟ್ಟು ‘ಸಂ’ ಗುರುತಿನ ಪ್ಯಾರಾಗಳನ್ನು ಹೋಲಿಸಿದರೆ ಹೆಚ್ಚು ವ್ಯತ್ಯಾಸ ಸಿಗದು. ಜಗಳವೆಲ್ಲ ‘ಕಾ’ದಲ್ಲಿ, ಯಾವುದಕ್ಕೆ ಎಷ್ಟು ತೂಕ ಎಂಬಲ್ಲಿ. ಭಾನುಮತಿಯವರ ಅಭಿಪ್ರಾಯ ಕೊನೆಗೆ ನಿಲ್ಲಲಿಲ್ಲ, ಆದರೂ ನಾನು ಅದನ್ನು ಬಿಡದೆ ಓದುತ್ತೇನೆ. 2024ರ ಪೀಠ ಯಾವ ಮಾತಿಗೆ ಉತ್ತರ ಕೊಡುತ್ತಿದೆ ಎಂಬುದು ಅದನ್ನು ಓದದೆ ಪೂರ್ತಿ ತಿಳಿಯುವುದಿಲ್ಲ.

ಇನ್ನು ಉಳಿದದ್ದು ತೀರ್ಪು ಎಷ್ಟು ಹೇಳಿತು ಎಂದು ಅಳೆಯುವುದು. ಕೊಬ್ಬರಿ ಎಣ್ಣೆಯೆಲ್ಲ ಖಾದ್ಯ ತೈಲ ಎಂದು ಅದು ಹೇಳಿಲ್ಲ. ಸಣ್ಣ ಪ್ಯಾಕಿನ ಶುದ್ಧ ಕೊಬ್ಬರಿ ಎಣ್ಣೆ 1513ಕ್ಕೆ ಸೇರುತ್ತದೆ, ಪ್ಯಾಕು 3ನೇ ಟಿಪ್ಪಣಿಯ ಷರತ್ತುಗಳನ್ನೆಲ್ಲ ಪೂರೈಸಿದರೆ 3305ಕ್ಕೆ ಹೋಗುತ್ತದೆ. ಆ ‘ಪೂರೈಸಿದರೆ’ ಎಂಬುದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ವ್ಯಾಜ್ಯ ಇದ್ದದ್ದು ಎಕ್ಸೈಸ್ ಕಾಲದ್ದು. ಜಿಎಸ್‌ಟಿಯ ಪಟ್ಟಿಯೂ ಇವೇ ಸಂಖ್ಯೆಗಳ ಮೇಲೆ ನಿಂತಿರುವುದರಿಂದ ತೀರ್ಪಿನ ಮಾತು ಅಲ್ಲಿಗೂ ಮುಟ್ಟಿತು. ತೀರ್ಪು ಬಂದಾಗ ಖಾದ್ಯ ತೈಲಕ್ಕೆ ಶೇ 5, ಕೇಶತೈಲಕ್ಕೆ ಶೇ 18 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲಕ್ಕೂ ಶೇ 5 ಆಗಿದೆ. ತೆರಿಗೆ ಬದಲಾದರೂ ತೀರ್ಪಿನ ಕಾರಣ ಬದಲಾಗಿಲ್ಲ.

ಅಳಿಯ ಎಲ್ಲ ಕೇಳಿ ತನ್ನ ಗಾಣದ ಬಾಟಲಿ ತಂದು ಮುಂದಿಟ್ಟ. ಒಂದು ಬದಿಯಲ್ಲಿ ಗಾಣದ ಶುದ್ಧ ಕೊಬ್ಬರಿ ಎಣ್ಣೆ ಎಂದಿತ್ತು, ಇನ್ನೊಂದು ಬದಿಯಲ್ಲಿ ಉದ್ದ ಜಡೆಯ ಹೆಂಗಸಿನ ಚಿತ್ರ. “ಇದು ಯಾವ ನಂಬರಿಗೆ ಬರುತ್ತೆ ಮಾವ?” ಎಂದು ಕೇಳಿ, ನಾನು ಬಾಯಿ ತೆಗೆಯುವ ಮೊದಲೇ ‘ಕಾ’ ಗುರುತಿನ ಪುಟಗಳನ್ನು ತನ್ನ ಕಡೆಗೆ ಎಳೆದುಕೊಂಡು ಲೇಬಲ್ಲಿನ ಸಾಲು ಎಲ್ಲಿದೆ ಎಂದು ಹುಡುಕತೊಡಗಿದ.